ಮಗನ ಕಣ್ಣಿನ ತುರಿಕೆಗೆ ಅದೇ ಡ್ರಾಪ್ಸ್ ಹಾಕ್ತಾ ಇರಬಹುದಾ?

"7 ವರ್ಷದ ಮಗ ಸದಾ ಕಣ್ಣುಜ್ಜುತ್ತಾನೆ, ದಾರದಂಥ ಗೀಜು ಬರುತ್ತೆ. ವರ್ನಲ್ ಅಲರ್ಜಿ ಅಂದಿದ್ದಾರೆ. ಡ್ರಾಪ್ಸ್ ಹಾಕಿದರೆ ಎರಡೇ ದಿನಕ್ಕೆ ಸರಿ, ನಿಲ್ಲಿಸಿದರೆ ಮತ್ತೆ ಶುರು. ಅದನ್ನೇ ಹಾಕ್ತಾ ಇರಬಹುದಾ?"

ಮೊದಲು ಬಾಟಲಿ ಕೈಗೆ ತೆಗೆದುಕೊಂಡು ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಎರಡೇ ದಿನಕ್ಕೆ ಆರಾಮ ಸಿಗುತ್ತೆ ಅಂದರೆ ನನಗೆ ಮೊದಲು ಬರುವ ಅನುಮಾನ ಅದೇ.

ನಾವು ಅಲ್ಲೇ ಎಡವಿದ್ದು. ನನ್ನ ಮಗನಿಗೆ ಆಗ 6 ವರ್ಷ, ಬೆಳಿಗ್ಗೆ ಕೆಳ ರೆಪ್ಪೆಯಿಂದ ಗೀಜು ಎಳೆದರೆ ಅಂಟಿನ ಎಳೆಯ ಹಾಗೆ ಉದ್ದಕ್ಕೆ ಬರೋದು. ಒಂದು ವಾರಕ್ಕೆ ಬರೆದುಕೊಟ್ಟಿದ್ದ ಡ್ರಾಪ್ಸನ್ನು ನಾವೇ ಮತ್ತೆ ಮತ್ತೆ ಕೊಂಡು ಐದು ತಿಂಗಳು ಹಾಕಿದೆವು. ಮಗು ಖುಷಿಯಾಗಿತ್ತು, ಕಣ್ಣು ಬೆಳ್ಳಗಿತ್ತು. ಬೇರೆ ಡಾಕ್ಟರ್ ಕಣ್ಣಿನ ಪ್ರೆಶರ್ ನೋಡಿದಾಗ 32 ಇತ್ತು. ಸಾಮಾನ್ಯವಾಗಿ 21ರ ಒಳಗಿರಬೇಕು. ಸ್ಟೀರಾಯ್ಡ್‌ನಿಂದ ಹೀಗೆ ಪ್ರೆಶರ್ ಏರಿದರೆ ನೋವೂ ಇಲ್ಲ, ಕೆಂಪೂ ಇಲ್ಲ, ಒಳಗಿನ ನರ ಮಾತ್ರ ಸುಮ್ನೆ ಸವೆಯುತ್ತಾ ಹೋಗುತ್ತೆ. ಹಾಗೆ ಹೋದ ದೃಷ್ಟಿ ವಾಪಸ್ ಬರಲ್ಲ.

ಹಾಗಂತ ಸ್ಟೀರಾಯ್ಡ್ ಶತ್ರು ಅಲ್ಲ. ಜೋರಾಗಿ ಕೆರಳಿದಾಗ ಬೇಕೇ ಬೇಕು. ಆದರೆ ಅದು ಬೆಂಕಿ ಆರಿಸೋಕೆ, ವರ್ಷಗಟ್ಟಲೆ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಡೋಕೆ ಬೇರೆ ಡ್ರಾಪ್ಸ್ ಇವೆ. ನಮ್ಮ ಡಾಕ್ಟರ್ ಪ್ರೆಶರ್ ಇಳಿಸೋ ಡ್ರಾಪ್ಸ್ ಕೊಟ್ಟು, ಸ್ಟೀರಾಯ್ಡನ್ನು ವಾರಕ್ಕೊಂದು ಹನಿ ಕಡಿಮೆ ಮಾಡುತ್ತಾ ದಿನಕ್ಕೆ 4, 3, 2, 1 ಅಂತ ಇಳಿಸಿ ನಿಲ್ಲಿಸಿದರು, ಅದನ್ನು ಇಳಿಸೋಕೆ ಶುರು ಮಾಡಿದ ದಿನವೇ ದಿನಕ್ಕೆ 2 ಸಲ ಓಲೋಪಟಡಿನ್, 4 ಸಲ ಸೈಕ್ಲೋಸ್ಪೊರಿನ್ ಹಚ್ಚಿದರು. ಈ ಸೈಕ್ಲೋಸ್ಪೊರಿನ್ ಕೆಲಸ ತೋರಿಸೋಕೆ ಕೆಲವು ವಾರ ಬೇಕು, ಮೇಲಾಗಿ ಹಾಕಿದ ಕೂಡಲೇ ಉರಿಯುತ್ತೆ. "ಇದು ಬೇಡಮ್ಮ, ಹಳೇದೇ ಹಾಕು" ಅಂತ ಅವನು ಅತ್ತಿದ್ದ. ಜಾಸ್ತಿ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಡ್ರಾಪ್ಸ್‌ಗೆ 5 ನಿಮಿಷ ಮುಂಚೆ ಕಣ್ಣೀರಿನಂಥ ಲೂಬ್ರಿಕೆಂಟ್ ಹನಿಯನ್ನು ತಣ್ಣಗೆ ಮಾಡಿ ಹಾಕಿದರೆ ಉರಿ ಕಡಿಮೆ ಆಗುತ್ತಿತ್ತು. ಎರಡು ತಿಂಗಳಲ್ಲಿ ಪ್ರೆಶರ್ 17ಕ್ಕೆ ಬಂತು, ಆಮೇಲೆ ಆ ಪ್ರೆಶರ್ ಡ್ರಾಪ್ಸನ್ನೂ ನಿಲ್ಲಿಸಿದರು.

ಉಜ್ಜೋದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷಗಟ್ಟಲೆ ಉಜ್ಜಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗಬಹುದು. ಕನ್ನಡಕದ ಸಿಲಿಂಡರ್ ಪವರ್ ಬೇಗ ಬೇಗ ಏರುತ್ತಿದ್ದರೆ ಡಾಕ್ಟರ್ ಹತ್ತಿರ ಇದರ ಬಗ್ಗೆಯೇ ಕೇಳಿ. ತುರಿಕೆ ಬಂದಾಗ "ಉಜ್ಜಬೇಡ" ಅಂತ ಬೈದರೆ ಮಗು ತಾನೇ ಏನು ಮಾಡೀತು, ತಣ್ಣೀರಲ್ಲಿ ಹಿಂಡಿದ ಬಟ್ಟೆ ಕಣ್ಣ ಮೇಲಿಡಿ.

ತುರಿಕೆಯ ಬದಲು ನೋವು ಬಂದು, ಬೆಳಕಿಗೆ ಕಣ್ಣೇ ಬಿಡಲಾಗದಿದ್ದರೆ ಈ ಅಲರ್ಜಿಯಲ್ಲಿ ರೆಪ್ಪೆಯೊಳಗೆ ಏಳುವ ಗಂಟುಗಳು ಕಾರ್ನಿಯಾಗೆ ಉಜ್ಜಿ ಹುಣ್ಣಾಗಿರಬಹುದು, ಅವತ್ತೇ ತೋರಿಸಬೇಕು.

ಬಹಳಷ್ಟು ಮಕ್ಕಳಲ್ಲಿ ಇದು ಹದಿಹರೆಯ ಮುಗಿಯೋ ಹೊತ್ತಿಗೆ ತಾನಾಗೇ ತಗ್ಗುತ್ತೆ. ಅಲ್ಲಿಯವರೆಗೆ ನರವನ್ನೂ ಕಾರ್ನಿಯಾವನ್ನೂ ಕಾಪಾಡಿಕೊಳ್ಳಬೇಕು, ಅಷ್ಟೇ ಅಲ್ವಾ. ಈಗಿನ ಡ್ರಾಪ್ಸನ್ನು ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ಈ ವಾರವೇ ಬಾಟಲಿ ಹಿಡಿದುಕೊಂಡು ಹೋಗಿ, ಎಷ್ಟು ತಿಂಗಳಿಂದ ಹಾಕ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ, ಪ್ರೆಶರ್ ನೋಡಿಸಿ.