ಅನುಪಾತದ ವೇರಿಯನ್ಸ್: ಬೂಟ್‌ಸ್ಟ್ರಾಪ್ ಮತ್ತು ಜಾಕ್‌ನೈಫ್ ಉತ್ತರ ಹೊಂದದಿದ್ದಾಗ

ಪ್ರಶ್ನೆ: ನಮ್ಮ ಸಮೀಕ್ಷೆಯಲ್ಲಿ ಪ್ರತಿ ಸ್ತರಕ್ಕೆ ಎರಡು ಹಳ್ಳಿ, ಹಳ್ಳಿಗೆ 20 ಮನೆ. ನೀರಾವರಿ ಜಮೀನನ್ನು ಒಟ್ಟು ಸಾಗುವಳಿ ಜಮೀನಿನಿಂದ ಭಾಗಿಸಿದ ಅನುಪಾತ ಬೇಕು. ಸ್ತರದ ಒಳಗೆ ಮನೆಗಳನ್ನು 1000 ಸಲ ಬೂಟ್‌ಸ್ಟ್ರಾಪ್ ಮಾಡಿದಾಗ ಸ್ಟ್ಯಾಂಡರ್ಡ್ ಎರರ್ ತೀರಾ ಚಿಕ್ಕದಾಗಿ ಬಂತು. ಹಳ್ಳಿಗಳನ್ನೇ ಬೂಟ್‌ಸ್ಟ್ರಾಪ್ ಮಾಡಿದರೆ ಸ್ವಲ್ಪ ಏರಿತು, ಆದರೂ ಜಾಕ್‌ನೈಫ್ ಕೊಟ್ಟದ್ದಕ್ಕಿಂತ ಕಡಿಮೆ. ವರದಿಯಲ್ಲಿ ಯಾವುದನ್ನು ಹಾಕಬೇಕು?

ಉತ್ತರ: ಜಾಕ್‌ನೈಫ್‌ನದ್ದನ್ನು ಹಾಕಿ, ಅಥವಾ ಬೂಟ್‌ಸ್ಟ್ರಾಪನ್ನು ಸರಿಪಡಿಸಿ ಅದನ್ನು ಹಾಕಿ. ಸರಿಪಡಿಸಿದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ನಿಮ್ಮ ಎರಡು ಬೂಟ್‌ಸ್ಟ್ರಾಪ್‌ಗಳೂ ತಪ್ಪಿವೆ, ಆದರೆ ತಪ್ಪಿದ ಕಾರಣ ಬೇರೆ ಬೇರೆ.

ಮೊದಲನೆಯದರ ಕಾರಣ ಸರಳ. ಮಾದರಿಯಾಗಿ ಮೊದಲು ಆಯ್ಕೆಯಾದದ್ದು ಹಳ್ಳಿ, ಮನೆಯಲ್ಲ. ಕಾಲುವೆ ಇರುವ ಹಳ್ಳಿಯಲ್ಲಿ ಹೆಚ್ಚಿನ ಮನೆಗಳಿಗೆ ನೀರಿದೆ, ಇಲ್ಲದ ಹಳ್ಳಿಯಲ್ಲಿ ಯಾರಿಗೂ ಇಲ್ಲ. ಹಾಗಾಗಿ ಒಂದೇ ಹಳ್ಳಿಯ 20 ಮನೆಗಳು 20 ಸ್ವತಂತ್ರ ಮಾಹಿತಿಗಳಲ್ಲ. ಮನೆಗಳನ್ನು ಕಲಸಿ ಮತ್ತೆ ಎತ್ತಿದಾಗ ಹಳ್ಳಿ-ಹಳ್ಳಿಯ ನಡುವಿನ ವ್ಯತ್ಯಾಸ ಹೆಚ್ಚೂಕಡಿಮೆ ಮಾಯವಾಗುತ್ತದೆ. ಹಳ್ಳಿಯೊಳಗಿನ ಹೋಲಿಕೆ 0.05ರಷ್ಟೇ ಇದ್ದರೂ 20 ಮನೆಗಳಿಗೆ ವೇರಿಯನ್ಸ್ 1 + 19 × 0.05, ಅಂದರೆ 1.95 ಪಟ್ಟು ಆಗಬೇಕಿತ್ತು. ನೀರಾವರಿಯಂಥ ವಿಷಯದಲ್ಲಿ ಹೋಲಿಕೆ ಅದಕ್ಕಿಂತ ಹೆಚ್ಚೇ ಇರುತ್ತದೆ.

ಎರಡನೆಯ ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೊಂದು ಪುಟ್ಟ ಲೆಕ್ಕ ಮಾಡೋಣ. ಎರಡು ಸ್ತರ, ನಾಲ್ಕು ಹಳ್ಳಿ. ಕೆಳಗಿನವು ಮನೆಗಳ ತೂಕ ಸೇರಿಸಿ ಹಳ್ಳಿವಾರು ಕೂಡಿದ ಮೊತ್ತಗಳು. y ನೀರಾವರಿ ಜಮೀನು, x ಒಟ್ಟು ಜಮೀನು, ಎರಡೂ ಸಾವಿರ ಹೆಕ್ಟೇರ್‌ಗಳಲ್ಲಿ.

| ಸ್ತರ | ಹಳ್ಳಿ | y | x |
|---|---|---|---|
| ಒಂದು | ಅ | 36 | 100 |
| ಒಂದು | ಆ | 54 | 120 |
| ಎರಡು | ಇ | 30 | 90 |
| ಎರಡು | ಈ | 40 | 90 |

ಅನುಪಾತ 160/400 = 0.4.

ಜಾಕ್‌ನೈಫ್‌ನಲ್ಲಿ ಒಂದೊಂದೇ ಹಳ್ಳಿಯನ್ನು ಬಿಡುತ್ತೇವೆ. ಬಿಟ್ಟ ಹಳ್ಳಿಯ ಪಾಲನ್ನು ಅದೇ ಸ್ತರದಲ್ಲಿ ಉಳಿದ ಹಳ್ಳಿ ಹೊರಬೇಕು, ಆದ್ದರಿಂದ ಅದರ ತೂಕ 2/1, ಅಂದರೆ ಎರಡು ಪಟ್ಟು. ಇನ್ನೊಂದು ಸ್ತರವನ್ನು ಮುಟ್ಟುವಂತಿಲ್ಲ. ಅ ಬಿಟ್ಟರೆ y = 108 + 70 = 178, x = 240 + 180 = 420, ಅನುಪಾತ 0.4238. ಹೀಗೇ ಆ ಬಿಟ್ಟರೆ 0.3737, ಇ ಬಿಟ್ಟರೆ 0.425, ಈ ಬಿಟ್ಟರೆ 0.375. ಪ್ರತಿಯೊಂದೂ 0.4ರಿಂದ ಎಷ್ಟು ದೂರವಿದೆಯೋ ಅದರ ವರ್ಗ ಮಾಡಿ ಕೂಡಿದರೆ 0.002509. ಸ್ತರದಲ್ಲಿರುವ ಹಳ್ಳಿಗಳ ಸಂಖ್ಯೆಯನ್ನು n ಎಂದರೆ, ಇದನ್ನು (n − 1)/n, ಇಲ್ಲಿ 1/2, ಇಂದ ಗುಣಿಸಿದರೆ ವೇರಿಯನ್ಸ್ 0.001255, ಸ್ಟ್ಯಾಂಡರ್ಡ್ ಎರರ್ 0.0354. ಟೇಲರ್ ವಿಧಾನದಲ್ಲೂ ನಾಲ್ಕನೇ ದಶಮಾಂಶದವರೆಗೆ ಇಷ್ಟೇ ಬರುತ್ತದೆ. ಮೊತ್ತದ ಮಟ್ಟದಲ್ಲಿ y, x ಎರಡಕ್ಕೂ ಒಂದೇ ಹೊಸ ತೂಕ ಬಳಸಿ ಪ್ರತಿ ಸಲವೂ ಪೂರಾ ಭಾಗಾಕಾರ ಮಾಡಿದ್ದನ್ನು ಗಮನಿಸಿ. y ಮತ್ತು x ಜೊತೆಜೊತೆಯಾಗಿ ಏರಿಳಿಯುವುದು ಲೆಕ್ಕಕ್ಕೆ ಸಿಗುವುದು ಅದರಿಂದಲೇ. ಎರಡರ ವೇರಿಯನ್ಸನ್ನು ಪ್ರತ್ಯೇಕವಾಗಿ ತೆಗೆದು ಜೋಡಿಸಿದರೆ ಆ ನಂಟು ತಪ್ಪಿಹೋಗುತ್ತದೆ.

ಈಗ ನಿಮ್ಮ ಹಳ್ಳಿ ಬೂಟ್‌ಸ್ಟ್ರಾಪ್. ಎರಡು ಹಳ್ಳಿಗಳಿಂದ ಎರಡನ್ನು, ಎತ್ತಿದ್ದನ್ನು ವಾಪಸ್ ಹಾಕುತ್ತ ಎತ್ತಿದರೆ ಅರ್ಧದಷ್ಟು ಸಲ ಮೂಲ ಜೋಡಿಯೇ ಮರಳಿ ಬರುತ್ತದೆ, ಆ ಸ್ತರದಿಂದ ಏನೂ ಏರಿಳಿತವಿಲ್ಲ. ಎಲ್ಲ ಸಾಧ್ಯತೆಗಳನ್ನೂ ಎಣಿಸಿ ನೋಡಿದರೆ ಮೇಲಿನ ಲೆಕ್ಕದಲ್ಲಿ ಸ್ಟ್ಯಾಂಡರ್ಡ್ ಎರರ್ 0.0251. ಸಾಮಾನ್ಯ ಬೂಟ್‌ಸ್ಟ್ರಾಪ್ ಪ್ರತಿ ಸ್ತರದ ವೇರಿಯನ್ಸನ್ನು (n − 1)/n ಪಟ್ಟಿಗೆ ಇಳಿಸುತ್ತದೆ. ಎಫ್ರಾನ್ 1979ರಲ್ಲಿ ಇದನ್ನು ಮಂಡಿಸಿದಾಗ ಉದ್ದೇಶಿಸಿದಂಥ ದೊಡ್ಡ ಸರಳ ಮಾದರಿಗೆ ಈ ಇಳಿಕೆ ನಗಣ್ಯ. n = 2 ಆದಾಗ ಮಾತ್ರ ಅದು ಅರ್ಧಕ್ಕರ್ಧ. ಸ್ತರಗಳ ಸಂಖ್ಯೆ ನೂರಾದರೂ ಈ ಕೊರತೆ ತುಂಬುವುದಿಲ್ಲ, ಸಾವಿರದ ಬದಲು ಲಕ್ಷ ಸಲ ಓಡಿಸಿದರೂ ಇಲ್ಲ. ನಿಮ್ಮ ಹಳ್ಳಿ ಬೂಟ್‌ಸ್ಟ್ರಾಪ್‌ನ ಸ್ಟ್ಯಾಂಡರ್ಡ್ ಎರರನ್ನು ಜಾಕ್‌ನೈಫ್‌ನದ್ದರಿಂದ ಭಾಗಿಸಿ. ಸುಮಾರು 0.71 ಬಂದರೆ ರೋಗ ಇದೇ.

ಮದ್ದು ರಾವ್ ಮತ್ತು ವೂ 1988ರಲ್ಲಿ ಕೊಟ್ಟದ್ದು. ಅದರ ಸುಲಭ ರೂಪದಲ್ಲಿ n ಹಳ್ಳಿಗಳಿಂದ n − 1 ಅನ್ನು ಮಾತ್ರ ಎತ್ತಿ, ಬಂದ ಪ್ರತಿ ಸಲಕ್ಕೂ ತೂಕವನ್ನು n/(n − 1) ಪಟ್ಟು ಮಾಡಬೇಕು. ನಿಮ್ಮಲ್ಲಿ ಸ್ತರಕ್ಕೆ ಒಂದೇ ಹಳ್ಳಿ, ಇಮ್ಮಡಿ ತೂಕ. ಮೇಲಿನ ಲೆಕ್ಕದಲ್ಲಿ ಸಾಧ್ಯವಿರುವ ನಾಲ್ಕು ಜೋಡಿಗಳ ಅನುಪಾತ 0.3474, 0.4, 0.4, 0.4476, ಸ್ಟ್ಯಾಂಡರ್ಡ್ ಎರರ್ 0.0355.

R ಬಳಸುವವರಿಗೆ `survey` ಪ್ಯಾಕೇಜಿನಲ್ಲಿ ಎರಡೂ ಸಿದ್ಧವಿವೆ:

```r
library(survey)
d  <- svydesign(ids = ~psu, strata = ~str, weights = ~wt,
                data = dat, nest = TRUE)
jk <- as.svrepdesign(d, type = "JKn", mse = TRUE)
bs <- as.svrepdesign(d, type = "subbootstrap",
                     replicates = 1000, mse = TRUE)
svyratio(~y, ~x, jk)
svyratio(~y, ~x, bs)
```

`mse = TRUE` ಅಂದರೆ ದೂರವನ್ನು ಪೂರ್ಣ ಮಾದರಿಯ ಅನುಪಾತದಿಂದ ಅಳೆಯುವುದು. ಅದನ್ನು ಬಿಟ್ಟರೆ ಮರುಮಾದರಿಗಳ ಸರಾಸರಿಯಿಂದ ಅಳೆಯುತ್ತದೆ, ಕೊನೆಯ ಅಂಕಿ ಅಲ್ಪಸ್ವಲ್ಪ ಬದಲಾಗಬಹುದು. 1000 ಸಲಕ್ಕೆ ಬೂಟ್‌ಸ್ಟ್ರಾಪ್‌ನ ಸ್ಟ್ಯಾಂಡರ್ಡ್ ಎರರೇ ಶೇ 2ರಷ್ಟು ಅಲುಗಾಡುತ್ತದೆ, 200 ಸಲಕ್ಕೆ ಶೇ 5ರಷ್ಟು. ಆದ್ದರಿಂದ ಮೂರನೇ ಅಂಕಿಯ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ತೂಕಗಳನ್ನು ಜನಗಣತಿಯ ಮೊತ್ತಕ್ಕೆ ಹೊಂದಿಸಿದ್ದರೆ ಆ ಹೊಂದಾಣಿಕೆಯನ್ನು ಪ್ರತಿ ಮರುಮಾದರಿಯಲ್ಲೂ ಮತ್ತೆ ಮಾಡಬೇಕು.

ಯಾವುದಾದರೂ ಸ್ತರದಲ್ಲಿ ಒಂದೇ ಹಳ್ಳಿ ಉಳಿದಿದ್ದರೆ ಜಾಕ್‌ನೈಫ್ ಅಲ್ಲೇ ನಿಂತುಬಿಡುತ್ತದೆ, ಅದು ಒಳ್ಳೆಯದೇ. ಕೈಯಾರೆ ಬರೆದ ಬೂಟ್‌ಸ್ಟ್ರಾಪ್ ಆದರೆ ಅದೇ ಹಳ್ಳಿಯನ್ನು ಸುಮ್ಮನೆ ಮತ್ತೆ ಮತ್ತೆ ಎತ್ತಿ, ಆ ಸ್ತರದ ಪಾಲು ಸೊನ್ನೆ ಎಂದು ಲೆಕ್ಕ ಹಾಕುತ್ತದೆ. ಅಂಥ ಸ್ತರವನ್ನು ಹೋಲುವ ಪಕ್ಕದ ಸ್ತರಕ್ಕೆ ಸೇರಿಸಿ. ಯಾವುದಕ್ಕೆ ಸೇರಿಸುವುದೆಂದು ಅನುಪಾತದ ಅಂಕಿಗಳನ್ನು ನೋಡಿ ತೀರ್ಮಾನಿಸಬಾರದು.

ಇನ್ನು ವಿಶ್ವಾಸಾಂತರ ಹೇಳುವಾಗ 1.96 ಬಳಸಬೇಡಿ. ಡಿಗ್ರೀಸ್ ಆಫ್ ಫ್ರೀಡಮ್ ಹಳ್ಳಿಗಳ ಸಂಖ್ಯೆಯಿಂದ ಸ್ತರಗಳ ಸಂಖ್ಯೆಯನ್ನು ಕಳೆದಷ್ಟು; ನಮ್ಮ ಲೆಕ್ಕದಲ್ಲಿ 4 − 2 = 2. ಎರಡಕ್ಕೆ t ಬೆಲೆ 4.303, ಹಾಗಾಗಿ ಶೇ 95ರ ವಿಶ್ವಾಸಾಂತರ 0.25ರಿಂದ 0.55. 1.96 ಹಾಕಿದ್ದರೆ 0.33ರಿಂದ 0.47 ಎಂದು ಬೀಗಬಹುದಿತ್ತು! ನಿಮ್ಮಲ್ಲಿ 30 ಸ್ತರಗಳಿದ್ದರೆ ಡಿಗ್ರೀಸ್ ಆಫ್ ಫ್ರೀಡಮ್ 30, t 2.04, ಆಗ ವ್ಯತ್ಯಾಸ ಸಣ್ಣದು.

ಕೊನೆಗೊಂದು ಪರೀಕ್ಷೆ: ಛೇದದ್ದು. ಜಮೀನಿನ ಒಟ್ಟು ಮೊತ್ತದ ಸ್ಟ್ಯಾಂಡರ್ಡ್ ಎರರನ್ನು ಆ ಮೊತ್ತದಿಂದ ಭಾಗಿಸಿ. ನಮ್ಮ ಲೆಕ್ಕದಲ್ಲಿ 20/400, ಶೇ 5. ಅನುಪಾತದ ಪಕ್ಷಪಾತವು ಅದರ ಸ್ಟ್ಯಾಂಡರ್ಡ್ ಎರರಿನ ಇಷ್ಟೇ ಪಾಲನ್ನು ಮೀರದು ಎಂದು ಹಾರ್ಟ್‌ಲಿ ಮತ್ತು ರಾಸ್ 1954ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಶೇ 10ರೊಳಗಿದ್ದರೆ ಚಿಂತೆಯಿಲ್ಲ. ಸಣ್ಣ ಉಪಗುಂಪಿಗೆ, ಉದಾಹರಣೆಗೆ ಗೇಣಿದಾರರಿಗೆ ಮಾತ್ರ, ಅನುಪಾತ ತೆಗೆದಾಗ ಇದು ಶೇ 30 ದಾಟುವುದುಂಟು. ಆಗ ಕೆಲವು ಮರುಮಾದರಿಗಳಲ್ಲಿ ಛೇದ ತೀರಾ ಕುಗ್ಗಿ ಅನುಪಾತ ಎಲ್ಲಿಗೋ ಹಾರುತ್ತದೆ. ಬೂಟ್‌ಸ್ಟ್ರಾಪ್‌ನ 1000 ಬೆಲೆಗಳ ಹಿಸ್ಟೊಗ್ರಾಮ್ ಬರೆದರೆ ಒಂದು ಕಡೆ ಉದ್ದ ಬಾಲ ಕಾಣುತ್ತದೆ. ಜಾಕ್‌ನೈಫ್ ಒಂದು ಸಲಕ್ಕೆ ಒಂದೇ ಹಳ್ಳಿ ಬಿಡುವುದರಿಂದ ಅದರಲ್ಲಿ ಈ ಬಾಲ ಕಾಣಿಸುವುದೇ ಇಲ್ಲ. ಬಾಲ ಕಂಡರೆ ವಿಶ್ವಾಸಾಂತರವನ್ನು ಅನುಪಾತದ ಲಾಗರಿತಮ್ ಮೇಲೆ ಕಟ್ಟಿ ವಾಪಸ್ ತನ್ನಿ, ಅಥವಾ ಆ ಉಪಗುಂಪಿನ ಅಂಕಿಯನ್ನು ಪ್ರಕಟಿಸಬೇಡಿ.