ಹೋರಿಕಂಜಿಗೆ ಹೆಸರು

"ಹಸುಗಳಿಗೆಲ್ಲ ಹೆಸರಿದೆ, ಗಂಡು ಕರುವಿಗೆ ಯಾಕಿಲ್ಲ?"

ಉಳುವ ಕಾಲದಲ್ಲಿ ಇಡುತ್ತಿದ್ದೆವು. ಬದಿಯಡ್ಕದ ಹತ್ತಿರ ಅಜ್ಜನ ಗದ್ದೆಯಲ್ಲಿ ಬೊಳ್ಳ, ಕುಟ್ಟಿ ಅಂತ ಜೋಡಿ ಎತ್ತು. ಬೊಳ್ಳ ಅಂದರೆ ತುಳುವಿನಲ್ಲಿ ಬಿಳಿಯ. ಎರಡೇ ಅಕ್ಷರ, ಒಂದಕ್ಕೊಂದು ಹೋಲದ ಸದ್ದು. ಒಂದನ್ನು ಗದರಿಸಿದರೆ ಇನ್ನೊಂದು ಬೆದರಬಾರದು, ಅಲ್ವಾ?

ಟಿಲ್ಲರ್ ಬಂದ ಮೇಲೆ ಗಂಡು ಕರು ಬರೀ 'ಹೋರಿಕಂಜಿ'. ಮಾರುವುದು ಮೊದಲೇ ಗೊತ್ತಿರುತ್ತದೆ. ಹೆಣ್ಣಾದರೆ ವಾರದೊಳಗೆ ಗಂಗೆಯೋ ಗೌರಿಯೋ. ನಮ್ಮ ಗೌರಿ ಕಾಸರಗೋಡು ಗಿಡ್ಡ, ಹಾಲು ದಿನಕ್ಕೆ ಒಂದೆರಡು ಲೀಟರ್ ಅಷ್ಟೆ. ಸಂಜೆ ಅಮ್ಮ 'ಗೌರೀ...' ಎಂದು ಎಳೆದು ಕರೆದರೆ ಗುಡ್ಡೆಯಿಂದ ಇಳಿಯುತ್ತಾಳೆ. ನಾನು ಕರೆದರೆ ಸುಮ್ನೆ ಕಿವಿ ಆಡಿಸುತ್ತಾಳೆ.

ಕಳೆದ ವರ್ಷ ತಮ್ಮನ ಮಗಳು ಒಂದು ಹೋರಿಕಂಜಿಯನ್ನು 'ಪುಟ್ಟು' ಅಂತ ಕರೆಯಲು ಶುರುಮಾಡಿದಳು. ಅದಿನ್ನೂ ಹಟ್ಟಿಯಲ್ಲೇ ಇದೆ.