ಕಟ್ಟಿದ ಠೇವಣಿ ಕಾಣುತ್ತಿಲ್ಲ, ಪ್ರವೇಶ ರದ್ದಾಗಿದೆ

*ವಿದೇಶದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಠೇವಣಿಯ 3,000 ಡಾಲರನ್ನು ಅಪ್ಪ ಮೂರು ವಾರದ ಹಿಂದೆಯೇ ತಮ್ಮ ಖಾತೆಯಿಂದ ಕಳಿಸಿದ್ದಾರೆ. ನಿನ್ನೆ ‘ಠೇವಣಿ ಬಂದಿಲ್ಲ, ಪ್ರವೇಶ ರದ್ದು’ ಎಂದು ಮೇಲ್ ಬಂತು. ತರಗತಿಗೆ ಇನ್ನೊಂದೇ ವಾರ. ಸಾಲ ಮಾಡಿ ಕಟ್ಟಿದ ಅಪ್ಪನಿಗೆ ಹೇಳಲು ಬಾಯಿ ಬರುತ್ತಿಲ್ಲ. ಗೆಳತಿಯ ಹತ್ತಿರ ಹಣ ತೆಗೆದುಕೊಂಡು ಸದ್ದಿಲ್ಲದೆ ಇನ್ನೊಮ್ಮೆ ಕಟ್ಟಿಬಿಡಲೇ?*

ಈಗಲೇ ಕಟ್ಟಬೇಡಿ. ಮೊದಲಿನ ಹಣ ಸಿಕ್ಕಿಬಿಟ್ಟರೆ ಹೆಚ್ಚಾದದ್ದನ್ನು ವಾಪಸು ಪಡೆಯಲು ವಾರಗಟ್ಟಲೆ ಅಲೆಯಬೇಕಾದೀತು. ಅಪ್ಪನಿಗೆ ಇವತ್ತೇ ಹೇಳಿ. ಸಮಾಧಾನಕ್ಕಾಗಿ ಹೇಳುತ್ತಿರುವ ಮಾತಲ್ಲ ಇದು: ಖಾತೆ ಅವರದು, ಹಣ ಎಲ್ಲಿ ನಿಂತಿದೆ ಎಂದು ಹುಡುಕಿಸಲು ಬ್ಯಾಂಕಿಗೆ ಅವರೇ ಅರ್ಜಿ ಕೊಡಬೇಕು.

ಅವರು ಬ್ಯಾಂಕಿನಲ್ಲಿ ‘ಸ್ವಿಫ್ಟ್ ಕಾಪಿ’, ಅಂದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ರವಾನಿಸಿದ ಪಾವತಿ ಸಂದೇಶದ ಪ್ರತಿ ಕೇಳಲಿ. ಖಾತೆಯಿಂದ ಹಣ ಕಡಿತವಾದ ರಸೀದಿ ಸಾಲದು. ಆ ಕಾಪಿಯಲ್ಲಿ ಮೊದಲು ನೋಡಬೇಕಾದದ್ದು ಪಾವತಿಯ ವಿವರದ ಸಾಲು. ಅಲ್ಲಿ ನಿಮ್ಮ ವಿದ್ಯಾರ್ಥಿ ಸಂಖ್ಯೆ ಇಲ್ಲದೆ ಅಪ್ಪನ ಹೆಸರಷ್ಟೇ ಇದ್ದರೆ, ಹಣ ತಲುಪಿಯೂ ಯಾರದೆಂದು ತಿಳಿಯದೆ ವಿಶ್ವವಿದ್ಯಾಲಯದ ಖಾತೆಯಲ್ಲೇ ಬಿದ್ದಿರಬಹುದು. ಇಂಥ ಪ್ರಕರಣಗಳಲ್ಲಿ ನಮ್ಮ ಮೊದಲ ಅನುಮಾನ ಇದೇ. ಆಮೇಲೆ ಶುಲ್ಕದ ಸಾಲು. OUR ಎಂದಿದ್ದರೆ ಬ್ಯಾಂಕ್ ಶುಲ್ಕವೆಲ್ಲ ಕಳಿಸಿದವರದು. SHA ಎಂದಿದ್ದರೆ ನಡುವಿನ ಬ್ಯಾಂಕು ದಾರಿಯಲ್ಲೇ ತನ್ನ ಪಾಲು ಮುರಿದುಕೊಳ್ಳಬಹುದು. 25 ಡಾಲರ್ ಮುರಿದು 2,975 ತಲುಪಿದರೂ ‘ಪೂರ್ತಿ ಬಂದಿಲ್ಲ’ ಎಂದು ಕಂಪ್ಯೂಟರ್ ತಾನಾಗಿಯೇ ರದ್ದು ಮಾಡಬಲ್ಲದು. ಹಾಗಾಗಿದ್ದರೆ ಕೊರತೆಯ 25 ಡಾಲರನ್ನಷ್ಟೇ ಕಾರ್ಡಿನಲ್ಲಿ ಕಟ್ಟಲಾಗುತ್ತದೆಯೇ ಎಂದು ಕೇಳಿ.

ಕಾಪಿಯಲ್ಲಿ UETR ಎಂಬ 36 ಅಕ್ಷರಗಳ ಗುರುತೂ ಇರುತ್ತದೆ. ಹಣ ಯಾವ ಬ್ಯಾಂಕಿನವರೆಗೆ ಹೋಗಿದೆ ಎಂದು ಎರಡೂ ಕಡೆಯ ಬ್ಯಾಂಕುಗಳು ಹುಡುಕುವುದು ಅದರಿಂದಲೇ.

ಇಷ್ಟನ್ನೂ ಹಿಡಿದು ವಿಶ್ವವಿದ್ಯಾಲಯದ ಶುಲ್ಕ ವಿಭಾಗಕ್ಕೆ ಫೋನ್ ಮಾಡಿ, ಮೇಲ್ ಆಮೇಲೆ. ಪ್ರವೇಶ ವಿಭಾಗದವರಿಗೆ ಬ್ಯಾಂಕ್ ಲೆಕ್ಕ ಕಾಣುವುದಿಲ್ಲ, ‘ಕಟ್ಟಿಲ್ಲ’ ಎಂಬ ಗುರುತಷ್ಟೇ ಕಾಣುತ್ತದೆ. ಕಳಿಸಿದ ದಿನಾಂಕ, ಮೊತ್ತ, ಕಳಿಸಿದವರ ಹೆಸರು, ನಿಮ್ಮ ವಿದ್ಯಾರ್ಥಿ ಸಂಖ್ಯೆ ಹೇಳಿ. ಹಣ ಪತ್ತೆಯಾದ ಮೇಲೆ ಪ್ರವೇಶ ವಿಭಾಗಕ್ಕೆ ಬರೆಯುವಾಗ ಹೊಸ ಅರ್ಜಿಯ ಮಾತೆತ್ತಬೇಡಿ, ರದ್ದತಿ ಹಿಂತೆಗೆದು ಹಳೆಯ ಪ್ರವೇಶವನ್ನೇ ಮತ್ತೆ ಊರ್ಜಿತಗೊಳಿಸಿ ಎನ್ನಿ. ತಡವಾಗಿ ಸೇರಲು ಕೊನೆಯ ದಿನ ಯಾವುದೆಂದೂ ಅದೇ ಪತ್ರದಲ್ಲಿ ಕೇಳಿ.

ನಿಜವಾದ ಅಪಾಯ ವೀಸಾದ್ದು. ಅಮೆರಿಕದ ಐ-20, ಬ್ರಿಟನ್ನಿನ ಕ್ಯಾಸ್, ಆಸ್ಟ್ರೇಲಿಯಾದ ಸಿಒಇ ಎಲ್ಲವೂ ವೀಸಾಕ್ಕೆ ಆಧಾರವಾದ, ಪ್ರವೇಶಕ್ಕೇ ಅಂಟಿಕೊಂಡಿರುವ ದಾಖಲೆಗಳು. ಪಾಸ್‌ಪೋರ್ಟಿನಲ್ಲಿ ವೀಸಾ ಇದ್ದ ಮಾತ್ರಕ್ಕೆ ವಿಮಾನ ಹತ್ತಬೇಡಿ. ರದ್ದತಿಯನ್ನು ವಲಸೆ ಇಲಾಖೆಗೆ ವರದಿ ಮಾಡಿದ್ದಾರೆಯೇ, ನಿಮ್ಮ ದಾಖಲೆ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಅದು ಬರುವುದು ತಡವಾದರೆ ಟಿಕೆಟ್ ಮುಂದೂಡಿ. ಕೊನೆಯ ದಿನವೂ ದಾಟುವಂತಿದ್ದರೆ ಮುಂದಿನ ಅವಧಿಗೆ ಸೀಟು ಕಾಯ್ದಿಡಲು, ಈ ಠೇವಣಿಯನ್ನೇ ಅದಕ್ಕೆ ಜಮಾ ಮಾಡಲು ಬರವಣಿಗೆಯಲ್ಲಿ ಕೇಳಿ. ಆಗ ವೀಸಾ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕಾಗಬಹುದು ಎಂಬುದನ್ನೂ ಅಪ್ಪನಿಗೆ ಈಗಲೇ ತಿಳಿಸಿಬಿಡಿ.